ಅಂಕವಹಿಗೆ STDEV.P ಹಾಕಬೇಕೋ, STDEV.S ಹಾಕಬೇಕೋ?

ಪ್ರಶ್ನೆ: ನಾನು ಹೈಸ್ಕೂಲಲ್ಲಿ ಗಣಿತ ಪಾಠ ಮಾಡ್ತೀನಿ. ಎಂಟನೇ ತರಗತಿಯಲ್ಲಿ 38 ಮಕ್ಕಳು. 25 ಅಂಕದ ಕಿರುಪರೀಕ್ಷೆಯ ದಿನ ಇಬ್ಬರು ಬಂದಿರಲಿಲ್ಲ, ಅವರ ಮುಂದೆ AB ಅಂತ ಹಾಕಿದೀನಿ. ಮಾನಕ ವಿಚಲನೆ ತೆಗೆಯೋಣ ಅಂತ ಶೀಟಲ್ಲಿ ಟೈಪ್ ಮಾಡಿದ್ರೆ STDEV, STDEV.S, STDEV.P ಅಂತ ಮೂರು ಬಂತು. ಮೊದಲ ಎರಡರಲ್ಲಿ 4.88, ಕೊನೆಯದರಲ್ಲಿ 4.81. ಪುಸ್ತಕದ ಸೂತ್ರ ಹಾಕಿ ಕೈಯಲ್ಲಿ ಮಾಡಿದಾಗಲೂ 4.81. ಆದ್ರೆ ನಮ್ಮ ಸಹೋದ್ಯೋಗಿಯೊಬ್ಬರು S ಅಂದ್ರೆ ಸ್ಟ್ಯಾಂಡರ್ಡ್, ಅದೇ ಸರಿ ಅಂತಾರೆ. ಯಾವುದು ಹಾಕ್ಲಿ?

ಉತ್ತರ:

ಮೇಡಂ, STDEV.P ಹಾಕಿ. ನೀವು ಕೈಯಲ್ಲಿ ಮಾಡಿದ 4.81 ನಿಮ್ಮ ತರಗತಿಯ ಸರಿಯಾದ ಮಾನಕ ವಿಚಲನೆ. ಶೀಟಿನಲ್ಲಿಯೂ ಏನೂ ತಪ್ಪಾಗಿಲ್ಲ. ಮೂರು ಹೆಸರುಗಳಲ್ಲಿ ಎರಡು ಬೇರೆ ಬೇರೆ ಲೆಕ್ಕಗಳಿವೆ, ಅಷ್ಟೆ.

ಮೊದಲು ಆ S ವಿಷಯ ಮುಗಿಸೋಣ. ಸ್ಟ್ಯಾಂಡರ್ಡ್ ಅನ್ನುವುದು STDEV ಅನ್ನುವ ಹೆಸರಿನೊಳಗೇ ಬಂದುಬಿಟ್ಟಿದೆ. ಚುಕ್ಕಿ ಆದ ಮೇಲಿರುವ S ಅಂದರೆ ಸ್ಯಾಂಪಲ್, ನಮ್ಮ ಪುಸ್ತಕಗಳ ಭಾಷೆಯಲ್ಲಿ ಮಾದರಿ. P ಅಂದರೆ ಪಾಪ್ಯುಲೇಶನ್, ಅಂದರೆ ಸಮಷ್ಟಿ, ಇಡೀ ಗುಂಪು. ಚುಕ್ಕಿ ಇರುವ ಈ ಹೆಸರುಗಳು ಎಕ್ಸೆಲ್ 2010ರಲ್ಲಿ ಬಂದವು. ಅದಕ್ಕೂ ಮೊದಲು STDEV ಮತ್ತು STDEVP ಅಂತ ಇದ್ದವು. ಹಳೆಯ ಶೀಟುಗಳು ಕೆಟ್ಟುಹೋಗಬಾರದು ಅಂತ ಅವನ್ನೂ ಹಾಗೇ ಉಳಿಸಿದ್ದಾರೆ. ಹಳೆಯ STDEV ಮಾಡುವುದು ಸ್ಯಾಂಪಲ್ ಲೆಕ್ಕವನ್ನೇ. ಅದಕ್ಕೇ ನಿಮಗೆ ಮೊದಲ ಎರಡರಲ್ಲಿ ಒಂದೇ ಉತ್ತರ ಬಂತು. ಗೂಗಲ್ ಶೀಟ್ಸ್‌ನಲ್ಲೂ ಲಿಬ್ರೆಆಫೀಸ್‌ನಲ್ಲೂ ಇದೇ ಹೆಸರುಗಳು, ಇದೇ ಅರ್ಥ.

ಸುಮ್ನೆ STDEV ಅಂತ ಹಾಕಿದರೆ ಸ್ಯಾಂಪಲ್ ಲೆಕ್ಕ ಬರುತ್ತದೆ ಅನ್ನುವುದು ನನ್ನ ಮಟ್ಟಿಗೆ ಬೇಸರದ ಸಂಗತಿ. ನಮ್ಮ ಶಾಲೆಗಳ ಅಂಕವಹಿಗಳಲ್ಲಿ ಜಾಸ್ತಿ ಕಾಣುವುದು ಅದೇ. ಹೆಸರು ಚಿಕ್ಕದು, ಕೈ ಅಲ್ಲಿಗೇ ಹೋಗುತ್ತದೆ.

ಈಗ ಎರಡೂ ಲೆಕ್ಕಗಳನ್ನು ಹತ್ತಿರದಿಂದ ನೋಡೋಣ. 36 ಅಂಕಗಳಲ್ಲಿ ಮಾಡಿದರೆ ಕಣ್ಣು ದಣಿಯುತ್ತದೆ. ಎಂಟು ಮಕ್ಕಳ ಒಂದು ಪುಟ್ಟ ತರಗತಿ ಇದೆ ಅಂದುಕೊಳ್ಳಿ. 25ಕ್ಕೆ ಅವರಿಗೆ ಬಂದ ಅಂಕಗಳು ಇವು: 20, 10, 18, 12, 16, 14, 16, 14. ಒಟ್ಟು 120, ಸರಾಸರಿ 15.

ಪ್ರತಿ ಮಗುವೂ ಸರಾಸರಿಯಿಂದ ಎಷ್ಟು ದೂರ ಇದೆ ನೋಡಿ. 5, −5, 3, −3, 1, −1, 1, −1. ಇವುಗಳ ವರ್ಗ 25, 25, 9, 9, 1, 1, 1, 1. ಕೂಡಿದರೆ 72. ಇಲ್ಲಿಯವರೆಗೆ ಎರಡು ಫಂಕ್ಷನ್‌ಗಳೂ ಒಂದೇ ದಾರಿಯಲ್ಲಿ ನಡೆಯುತ್ತವೆ. ಈ 72ನ್ನು ಯಾವುದರಿಂದ ಭಾಗಿಸಬೇಕು ಅನ್ನುವಲ್ಲಿ ದಾರಿ ಕವಲೊಡೆಯುತ್ತದೆ.

STDEV.P ಮಕ್ಕಳ ಸಂಖ್ಯೆಯಿಂದಲೇ ಭಾಗಿಸುತ್ತದೆ. 72 ಭಾಗ 8 ಅಂದರೆ 9, ಅದರ ವರ್ಗಮೂಲ 3. STDEV.S ಒಂದು ಕಮ್ಮಿ ಮಾಡಿ ಭಾಗಿಸುತ್ತದೆ. 72 ಭಾಗ 7 ಅಂದರೆ 10.286, ವರ್ಗಮೂಲ 3.207. ವ್ಯತ್ಯಾಸ ಇರುವುದು ಇಷ್ಟೇ. ಒಂದರಲ್ಲಿ n, ಇನ್ನೊಂದರಲ್ಲಿ n−1.

ನಿಮ್ಮ ಲೆಕ್ಕವನ್ನೂ ಇದರಿಂದಲೇ ತಾಳೆ ನೋಡಬಹುದು. P ಉತ್ತರವನ್ನು n/(n−1) ರ ವರ್ಗಮೂಲದಿಂದ ಗುಣಿಸಿದರೆ S ಉತ್ತರ ಸಿಗುತ್ತದೆ. ಪರೀಕ್ಷೆ ಬರೆದವರು 36. 36/35 ರ ವರ್ಗಮೂಲ 1.0142. 4.81 × 1.0142 = 4.878, ಅಂದರೆ 4.88. ಸರಿಯಾಗಿ ಕೂಡುತ್ತದೆ. ಗೈರಾದ ಇಬ್ಬರನ್ನೂ ಶೀಟು ಎಣಿಸಿದ್ದರೆ ಗುಣಿಸಬೇಕಾದ ಸಂಖ್ಯೆ 1.0134 ಆಗಿ, 4.87 ಬರುತ್ತಿತ್ತು. AB ಇರುವ ಎರಡು ಸೆಲ್‌ಗಳನ್ನು ಶೀಟು ಬಿಟ್ಟೇ ಲೆಕ್ಕ ಮಾಡಿದೆ ಅನ್ನುವುದಕ್ಕೆ ಇದೂ ಒಂದು ಗುರುತು. ಈ AB ವಿಷಯಕ್ಕೆ ಮುಂದೆ ಮತ್ತೆ ಬರುತ್ತೇನೆ. ಯಾಕೆಂದರೆ P, S ಎರಡರ ನಡುವಿನ ವ್ಯತ್ಯಾಸಕ್ಕಿಂತ ದೊಡ್ಡ ಅಪಾಯ ಇರುವುದು ಅಲ್ಲಿ.

ಒಂದು ಕಮ್ಮಿ ಮಾಡಿ ಭಾಗಿಸುವ ಪದ್ಧತಿ ಯಾಕೆ ಬಂತು? ಬಹಳ ಕಡೆ ಇದನ್ನು ‘ಸ್ವಾತಂತ್ರ್ಯದ ಮಟ್ಟ’ ಅಂತ ಒಂದು ಮಾತು ಹೇಳಿ ಮುಗಿಸಿಬಿಡುತ್ತಾರೆ. ಕೇಳಿದವರಿಗೆ ಏನೂ ಸಿಗುವುದಿಲ್ಲ. ಮೂರು ಚೀಟಿ ತೆಗೆದುಕೊಂಡು ಮಾಡಿ ನೋಡೋಣ. ಇದನ್ನು ನೀವು ನಿಮ್ಮ ಮಕ್ಕಳ ಮುಂದೆಯೂ ಮಾಡಬಹುದು.

ಮೂರು ಚೀಟಿಗಳ ಮೇಲೆ 10, 15, 20 ಅಂತ ಬರೆದು ಡಬ್ಬಿಗೆ ಹಾಕಿ. ಇಡೀ ಗುಂಪು ಇದೇ. ಸರಾಸರಿ 15. ವರ್ಗಗಳು 25, 0, 25, ಒಟ್ಟು 50. ಮೂರರಿಂದ ಭಾಗಿಸಿದರೆ 16.67. ವರ್ಗಮೂಲ ತೆಗೆಯುವ ಮೊದಲಿನ ಈ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ. ಡಬ್ಬಿಯೊಳಗಿನ ನಿಜವಾದ ಹರಡುವಿಕೆ ಇದು.

ಈಗ ಡಬ್ಬಿಯೊಳಗೆ ಏನಿದೆ ಅಂತ ಗೊತ್ತಿಲ್ಲದ ಒಬ್ಬರು ಒಂದು ಚೀಟಿ ಎತ್ತುತ್ತಾರೆ, ನೋಡಿ ವಾಪಸ್ ಹಾಕುತ್ತಾರೆ, ಇನ್ನೊಂದು ಸಲ ಎತ್ತುತ್ತಾರೆ. ಅವರ ಕೈಗೆ ಎರಡು ಸಂಖ್ಯೆಗಳು ಬಂದವು. ಅವೆರಡರಿಂದಲೇ ಇಡೀ ಡಬ್ಬಿಯ ಹರಡುವಿಕೆಯನ್ನು ಅಂದಾಜು ಮಾಡಬೇಕು. ಹೀಗೆ ಎತ್ತಲು ಒಂಬತ್ತು ದಾರಿಗಳಿವೆ. ಅವುಗಳಲ್ಲಿ ಮೂರು ಸಲ ಎರಡೂ ಬಾರಿ ಒಂದೇ ಚೀಟಿ ಬರುತ್ತದೆ, ಆಗ ಹರಡುವಿಕೆ ಸೊನ್ನೆ. ನಾಲ್ಕು ಸಲ ಪಕ್ಕಪಕ್ಕದ ಚೀಟಿಗಳು ಬರುತ್ತವೆ, 10 ಮತ್ತು 15, ಇಲ್ಲವೇ 15 ಮತ್ತು 20. ಎರಡು ಸಲ 10 ಮತ್ತು 20 ಬರುತ್ತವೆ.

10 ಮತ್ತು 15 ಬಂತು ಅಂದುಕೊಳ್ಳಿ. ಎತ್ತಿದವರಿಗೆ ಡಬ್ಬಿಯ ನಿಜವಾದ ಸರಾಸರಿ 15 ಅಂತ ಗೊತ್ತಿಲ್ಲ. ಕೈಯಲ್ಲಿರುವ ಎರಡರ ಸರಾಸರಿ 12.5, ಅದರಿಂದಲೇ ದೂರ ಅಳೆಯುತ್ತಾರೆ. ವರ್ಗಗಳ ಮೊತ್ತ 12.5. ಎರಡರಿಂದ ಭಾಗಿಸಿದರೆ 6.25. 10 ಮತ್ತು 20 ಬಂದಾಗ ವರ್ಗಗಳ ಮೊತ್ತ 50, ಎರಡರಿಂದ ಭಾಗಿಸಿದರೆ 25. ಒಂಬತ್ತೂ ದಾರಿಗಳ ಸರಾಸರಿ ತೆಗೆದರೆ, ನಾಲ್ಕು ಸಲ 6.25, ಎರಡು ಸಲ 25, ಮೂರು ಸಲ ಸೊನ್ನೆ, ಒಟ್ಟು 75, ಒಂಬತ್ತರಿಂದ ಭಾಗಿಸಿದರೆ 8.33. ನಿಜ ಇದ್ದದ್ದು 16.67. ಅಂದಾಜು ಸರಿಯಾಗಿ ಅರ್ಧಕ್ಕೆ ಇಳಿದಿದೆ.

ಯಾಕೆ ಇಳಿಯಿತು ಅಂದರೆ, ಎತ್ತಿದವರು ದೂರ ಅಳೆದದ್ದು ತಮ್ಮ ಕೈಯಲ್ಲಿದ್ದ ಚೀಟಿಗಳ ಸರಾಸರಿಯಿಂದ. ಆ ಸರಾಸರಿ ಯಾವಾಗಲೂ ಆ ಚೀಟಿಗಳ ಮಧ್ಯದಲ್ಲೇ ಹೋಗಿ ಕೂರುತ್ತದೆ. ಹಾಗಾಗಿ ದೂರಗಳು ಇರಬೇಕಾದ್ದಕ್ಕಿಂತ ಕಮ್ಮಿ ಕಾಣುತ್ತವೆ. ಎರಡರಿಂದ ಭಾಗಿಸುವ ಬದಲು ಒಂದರಿಂದ ಭಾಗಿಸಿ ನೋಡಿ. ನಾಲ್ಕು ಸಲ 12.5, ಎರಡು ಸಲ 50, ಒಟ್ಟು 150, ಒಂಬತ್ತರಿಂದ ಭಾಗಿಸಿದರೆ 16.67. ನಿಜವಾದ ಸಂಖ್ಯೆಯೇ ಬಂತು. n−1 ರ ಕೆಲಸ ಇದು. ಜರ್ಮನಿಯ ಖಗೋಳ ವಿಜ್ಞಾನಿ ಬೆಸೆಲ್ ಹೆಸರಿನಲ್ಲಿ ಇದನ್ನು ಬೆಸೆಲ್ ತಿದ್ದುಪಡಿ ಅಂತ ಕರೆಯುತ್ತಾರೆ.

ಈಗ ನಿಮ್ಮ ತರಗತಿಗೆ ಬನ್ನಿ. ನೀವು ಚೀಟಿ ಎತ್ತಿದ್ದೀರಾ? ಇಲ್ಲ. ಡಬ್ಬಿಯನ್ನೇ ಮೇಜಿನ ಮೇಲೆ ಸುರಿದುಕೊಂಡು ಕೂತಿದ್ದೀರಿ. ಪರೀಕ್ಷೆ ಬರೆದ 36 ಮಕ್ಕಳ ಅಂಕಗಳೂ ನಿಮ್ಮ ಮುಂದಿವೆ. ಅವರ ಸರಾಸರಿ ಅಂದಾಜಿನದ್ದಲ್ಲ, ನಿಜವಾದದ್ದೇ. ಅಂದಾಜು ಇಲ್ಲದ ಮೇಲೆ ಅಂದಾಜಿನ ತಿದ್ದುಪಡಿಯೂ ಬೇಡ. ಅನ್ನ ಬೆಂದಿದೆಯೋ ಅಂತ ನೋಡಲು ಒಂದು ಅಗುಳು ಹಿಸುಕುತ್ತೇವೆ, ಅದು ಮಾದರಿ. ಇಡೀ ಪಾತ್ರೆಯ ಅನ್ನ ಬಡಿಸಿಯಾದ ಮೇಲೆ ಅಗುಳು ನೋಡಿ ಊಹಿಸುವ ಕೆಲಸ ಉಳಿದಿರುವುದಿಲ್ಲ, ಅಲ್ವಾ?

ಪುಸ್ತಕದ ಸೂತ್ರದಲ್ಲಿ n ಇರುವುದೂ ಇದೇ ಕಾರಣಕ್ಕೆ. ಎನ್‌ಸಿಇಆರ್‌ಟಿಯ 11ನೇ ತರಗತಿ ಗಣಿತದಲ್ಲೂ n ನಿಂದಲೇ ಭಾಗಿಸುತ್ತಾರೆ. ಕೊಟ್ಟಿರುವ ದತ್ತಾಂಶವೇ ಪೂರ್ತಿ ಗುಂಪು ಅಂತ ಅಲ್ಲಿ ಎಣಿಸಲಾಗಿದೆ. ಮುಂದೆ ನಿಮ್ಮ ಮಕ್ಕಳು ಪುಸ್ತಕದ ಲೆಕ್ಕವನ್ನು ಶೀಟಿನಲ್ಲಿ ಮಾಡಿ ನೋಡಿದಾಗಲೂ STDEV.P ಹಾಕಿದರೆ ಮಾತ್ರ ಉತ್ತರ ಕೂಡುತ್ತದೆ.

ನಿಮ್ಮ ಸಹೋದ್ಯೋಗಿ ಇನ್ನೊಂದು ವಾದ ತರಬಹುದು, ಅದಕ್ಕೂ ಸಿದ್ಧರಾಗಿರಿ. ‘ಈ ವರ್ಷದ ಮಕ್ಕಳು ಅಂದರೆ ಎಲ್ಲ ವರ್ಷಗಳ ಎಂಟನೇ ತರಗತಿ ಮಕ್ಕಳ ಒಂದು ಸ್ಯಾಂಪಲ್ ತಾನೇ?’ ಈ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಇದು ಬೇರೆ ಪ್ರಶ್ನೆ. ಅಂಕವಹಿ ಕೇಳುವುದು ‘ಈ ಪರೀಕ್ಷೆಯಲ್ಲಿ ಈ ತರಗತಿಯ ಅಂಕಗಳು ಎಷ್ಟು ಹರಡಿದ್ದವು’ ಅಂತ. ಅದಕ್ಕೆ ಉತ್ತರ P. ‘ನಮ್ಮ ತಾಲ್ಲೂಕಿನ ಎಂಟನೇ ತರಗತಿಯ ಎಲ್ಲ ಮಕ್ಕಳಿಗೂ ಈ ಪ್ರಶ್ನೆಪತ್ರಿಕೆ ಕೊಟ್ಟಿದ್ದರೆ ಅಂಕಗಳು ಎಷ್ಟು ಹರಡುತ್ತಿದ್ದವು’ ಅಂತ ಯಾರಾದರೂ ಕೇಳಿದರೆ ಆಗ S ಬೇಕು. ಅಂಕಗಳು ಅವೇ 36. ಬದಲಾದದ್ದು ಪ್ರಶ್ನೆ. ಅಲ್ಲೂ ಒಂದು ಎಚ್ಚರಿಕೆ ಬೇಕು. S ತಿದ್ದುವುದು ಚೀಟಿಗಳು ಕಡಿಮೆ ಇದ್ದದ್ದರಿಂದ ಆದ ಕೊರತೆಯನ್ನು ಮಾತ್ರ. ನಿಮ್ಮ ತರಗತಿಯ ಮಕ್ಕಳನ್ನು ಯಾರೂ ತಾಲ್ಲೂಕಿನಿಂದ ಚೀಟಿ ಎತ್ತಿ ಆರಿಸಿದ್ದಲ್ಲ. ಅವರು ಒಂದೇ ಊರಿನವರು, ಒಬ್ಬರೇ ಟೀಚರ್ ಹತ್ತಿರ ಕಲಿತವರು. ಆ ಓರೆಯನ್ನು n−1 ಸರಿಮಾಡುವುದಿಲ್ಲ.

ಶಾಲೆಯ ಕೆಲಸದಲ್ಲಿ S ನಿಜವಾಗಿಯೂ ಬೇಕಾಗುವ ಜಾಗಗಳಿವೆ. 200 ಉತ್ತರ ಪತ್ರಿಕೆಗಳಲ್ಲಿ 15ನ್ನು ಚೀಟಿ ಎತ್ತಿ ತೆಗೆದು, ಉಳಿದವು ಹೇಗಿರಬಹುದು ಅಂತ ನೋಡುವಾಗ S ಬೇಕು. ಬಿ.ಎಡ್. ಇಲ್ಲವೇ ಎಂ.ಎಡ್. ಪ್ರಬಂಧಕ್ಕಾಗಿ ಎರಡು ಗುಂಪುಗಳಿಗೆ ಎರಡು ವಿಧಾನದಲ್ಲಿ ಪಾಠ ಮಾಡಿ, ಯಾವ ವಿಧಾನ ಒಳ್ಳೆಯದು ಅಂತ ಟಿ-ಪರೀಕ್ಷೆ ಮಾಡುವಾಗಲೂ S ಬೇಕು. ಅಲ್ಲಿ ನೀವು ಆ ಮಕ್ಕಳ ಬಗ್ಗೆ ಮಾತ್ರ ಹೇಳುತ್ತಿಲ್ಲ, ವಿಧಾನದ ಬಗ್ಗೆ ಹೇಳಹೊರಟಿದ್ದೀರಿ. ಶೀಟಿನ T.TEST ಕೂಡ ಒಳಗೆ n−1 ಲೆಕ್ಕವನ್ನೇ ಇಟ್ಟುಕೊಂಡಿದೆ.

36 ಮಕ್ಕಳಲ್ಲಿ 0.07 ವ್ಯತ್ಯಾಸಕ್ಕೆ ಇಷ್ಟು ಮಾತು ಯಾಕೆ ಅಂತ ಅನ್ನಿಸಬಹುದು. ದೊಡ್ಡ ತರಗತಿಯಲ್ಲಿ ವ್ಯತ್ಯಾಸ ಸಣ್ಣದು, ನಿಜ. ಆದರೆ ನಮ್ಮಲ್ಲಿ ಒಂದು ತರಗತಿಗೆ ಐದಾರು ಮಕ್ಕಳಿರುವ ಶಾಲೆಗಳು ಎಷ್ಟಿಲ್ಲ! ಹತ್ತು ಮಕ್ಕಳಿದ್ದರೆ S ಉತ್ತರ P ಗಿಂತ ಶೇ. 5ರಷ್ಟು ಜಾಸ್ತಿ. ಐದು ಮಕ್ಕಳಿದ್ದರೆ ಶೇ. 12ರಷ್ಟು. ಇಬ್ಬರೇ ಇದ್ದರೆ ಶೇ. 41. ಒಬ್ಬನೇ ಇದ್ದರೆ STDEV.P ಸೊನ್ನೆ ಕೊಡುತ್ತದೆ, STDEV.S ಮಾತ್ರ #DIV/0! ಅಂತ ತೋರಿಸುತ್ತದೆ. ಒಂದೇ ಚೀಟಿ ನೋಡಿ ಡಬ್ಬಿಯ ಹರಡುವಿಕೆ ಹೇಳಲು ಆಗುವುದಿಲ್ಲ ಅನ್ನುವುದೇ ಅದರ ಅರ್ಥ.

ಒಂದು ಸಣ್ಣ ಶಾಲೆಯಲ್ಲಿ ನಾನೇ ಕಣ್ಣಾರೆ ಕಂಡದ್ದು ಹೇಳುತ್ತೇನೆ. ಆರನೇ ತರಗತಿಯಲ್ಲಿ ಆರು ಮಕ್ಕಳು, ಏಳನೆಯದರಲ್ಲೂ ಆರು. ಎರಡು ತರಗತಿಗಳ ಶೀಟನ್ನು ಇಬ್ಬರು ಶಿಕ್ಷಕರು ಬೇರೆ ಬೇರೆ ಮಾಡಿದ್ದರು. ಒಂದರಲ್ಲಿ ಮಾನಕ ವಿಚಲನೆ 4.0, ಇನ್ನೊಂದರಲ್ಲಿ 4.4. ಏಳನೇ ತರಗತಿಯಲ್ಲಿ ಮಕ್ಕಳ ನಡುವೆ ಅಂತರ ಜಾಸ್ತಿ ಇದೆ, ಹಿಂದುಳಿದವರಿಗೆ ಗಮನ ಕಮ್ಮಿಯಾಗಿದೆ ಅಂತ ಸಭೆಯಲ್ಲಿ ಮಾತು ಬಂತು. ಆ ಶಿಕ್ಷಕಿಯ ಮುಖ ಸಣ್ಣದಾಯಿತು. ಸೆಲ್ ಮೇಲೆ ಕ್ಲಿಕ್ ಮಾಡಿ ನೋಡಿದರೆ ಒಂದರಲ್ಲಿ STDEVP, ಇನ್ನೊಂದರಲ್ಲಿ STDEV. ಎರಡನ್ನೂ P ಮಾಡಿದ ಮೇಲೆ ಎರಡೂ 4.0. ಮಕ್ಕಳಲ್ಲಿ ಇಲ್ಲದ ಅಂತರವನ್ನು ಫಾರ್ಮುಲಾ ಹುಟ್ಟಿಸಿತ್ತು. ಆವತ್ತಿನಿಂದ ನಾನು ಯಾವ ಶೀಟು ನೋಡಿದರೂ ಮೊದಲು ಸೆಲ್ ಮೇಲೆ ಕ್ಲಿಕ್ ಮಾಡಿ ಫಾರ್ಮುಲಾ ಓದುತ್ತೇನೆ, ಆಮೇಲೆ ಸಂಖ್ಯೆ ನೋಡುತ್ತೇನೆ.

ಗಡಿ ಹಾಕುವ ಕಡೆಯೂ ಇದು ತಾಗುತ್ತದೆ. ನಮ್ಮ ಎಂಟು ಮಕ್ಕಳ ಪಟ್ಟಿಯನ್ನೇ ತಗೊಳ್ಳಿ. ‘ಸರಾಸರಿಗೆ ಒಂದು ಮಾನಕ ವಿಚಲನೆ ಕೂಡಿಸಿ, ಅಲ್ಲಿಗೆ ಮುಟ್ಟಿದವರಿಗೆ ಮುಂದಿನ ಹಂತದ ಲೆಕ್ಕಗಳನ್ನು ಕೊಡೋಣ’ ಅಂತ ನೀವು ತೀರ್ಮಾನಿಸಿದಿರಿ ಅಂದುಕೊಳ್ಳಿ. P ಪ್ರಕಾರ ಗಡಿ 15 + 3 = 18. 18 ತೆಗೆದ ಮಗು ಒಳಗೆ ಬರುತ್ತದೆ. S ಪ್ರಕಾರ ಗಡಿ 18.207. ಅದೇ ಮಗು ಹೊರಗೆ. ಶಾಲೆಯ ಗ್ರೇಡುಗಳು ನೇರವಾಗಿ ಶೇಕಡಾವಾರು ಅಂಕದ ಮೇಲೆ ನಿಲ್ಲುವುದರಿಂದ ಅಲ್ಲಿ ಈ ತೊಂದರೆ ಇಲ್ಲ. ಆದರೆ ತರಗತಿಯೊಳಗೆ ಗುಂಪು ಮಾಡಲು ಇಂಥ ಗಡಿ ಹಾಕುವ ಶಿಕ್ಷಕರು ಇದ್ದಾರೆ. ಮಕ್ಕಳ ಕ್ರಮಾಂಕ ಮಾತ್ರ ಎರಡರಲ್ಲೂ ಒಂದೇ. ಎಲ್ಲರ ದೂರವನ್ನೂ ಒಂದೇ ಸಂಖ್ಯೆಯಿಂದ ಭಾಗಿಸಿದಾಗ ಹಿಂದೆ ಮುಂದೆ ಆಗುವುದಿಲ್ಲ.

ಈಗ AB ವಿಷಯ. ನೀವು AB ಅಂತ ಬರೆದದ್ದು ಬಹಳ ಒಳ್ಳೆಯದಾಯಿತು. STDEV.P ಮತ್ತು STDEV.S ಎರಡೂ ರೇಂಜ್‌ನೊಳಗಿನ ಅಕ್ಷರಗಳನ್ನೂ ಖಾಲಿ ಸೆಲ್‌ಗಳನ್ನೂ ಬಿಟ್ಟು ಲೆಕ್ಕ ಮಾಡುತ್ತವೆ. ಆದರೆ ಸೊನ್ನೆ ಬಿಡುವುದಿಲ್ಲ, ಅದು ಅವಕ್ಕೆ ಒಂದು ಅಂಕ.

ನಮ್ಮ ಎಂಟು ಮಕ್ಕಳ ಜೊತೆ ಒಂಬತ್ತನೆಯವನೊಬ್ಬ ಇದ್ದ, ಪರೀಕ್ಷೆಯ ದಿನ ಜ್ವರ ಬಂದು ಮನೆಯಲ್ಲಿದ್ದ ಅಂದುಕೊಳ್ಳಿ. ಅವನ ಮುಂದೆ AB ಹಾಕಿದರೆ STDEV.P ಮೊದಲಿನಂತೆ 3. ಸೊನ್ನೆ ಹಾಕಿದರೆ? ಸರಾಸರಿ 15ರಿಂದ 13.33ಕ್ಕೆ ಇಳಿಯುತ್ತದೆ. ವರ್ಗಗಳ ಮೊತ್ತ 72ರಿಂದ 272ಕ್ಕೆ ಹಾರುತ್ತದೆ. ಒಂಬತ್ತರಿಂದ ಭಾಗಿಸಿ ವರ್ಗಮೂಲ ತೆಗೆದರೆ 5.50. ಮೂರು ಇದ್ದದ್ದು ಐದೂವರೆ ಆಯಿತು. P ಬದಲು S ಹಾಕಿದ್ದರೆ ಆಗುತ್ತಿದ್ದ ತಪ್ಪು 0.2, ಒಂದು ಸೊನ್ನೆಯಿಂದ ಆದ ತಪ್ಪು 2.5. ಪರೀಕ್ಷೆಗೆ ಕೂತು ಸೊನ್ನೆ ತೆಗೆದ ಮಗುವಿಗೆ ಸೊನ್ನೆಯನ್ನೇ ಬರೆಯಬೇಕು. ಬಾರದೇ ಇದ್ದ ಮಗುವಿಗೆ ಬರೆಯಬಾರದು.

ಈ ಸೊನ್ನೆ ನಾವು ಬರೆಯದೆಯೂ ಒಳಗೆ ಬರುತ್ತದೆ. ಒಟ್ಟು ಅಂಕದ ಕಾಲಂ ಅದರ ದಾರಿ. C ಯಿಂದ F ವರೆಗೆ ನಾಲ್ಕು ಕಿರುಪರೀಕ್ಷೆಗಳು, G ಯಲ್ಲಿ SUM ಅಂತ ಇಟ್ಟುಕೊಳ್ಳಿ. ನಾಲ್ಕಕ್ಕೂ AB ಇರುವ ಮಗುವಿನ ಸಾಲಿನಲ್ಲಿ SUM ಅಕ್ಷರಗಳನ್ನು ಬಿಟ್ಟು ಕೂಡುತ್ತದೆ, ಉಳಿದದ್ದು ಏನೂ ಇಲ್ಲ, 0 ಬರೆಯುತ್ತದೆ. ಒಂದು ಪರೀಕ್ಷೆಗೆ ಮಾತ್ರ ತಪ್ಪಿಸಿಕೊಂಡವನಿಗೆ ಮೂರರ ಮೊತ್ತ ಬರೆಯುತ್ತದೆ. ಇವೆರಡೂ ಸಾಮಾನ್ಯವಾಗಿ G ಕಾಲಂನ ಮಾನಕ ವಿಚಲನೆಯನ್ನು ಉಬ್ಬಿಸುತ್ತವೆ. ನಾನು G2 ನಲ್ಲಿ ಹೀಗೆ ಬರೆದು ಕೆಳಗೆ ಎಳೆಯುತ್ತೇನೆ:

```
=IF(COUNT(C2:F2)=4, SUM(C2:F2), "AB")
```

ನಾಲ್ಕೂ ಅಂಕ ಇದ್ದರೆ ಮಾತ್ರ ಮೊತ್ತ, ಇಲ್ಲದಿದ್ದರೆ AB. ಆಮೇಲೆ STDEV.P ಅದನ್ನು ತಾನಾಗಿಯೇ ಬಿಡುತ್ತದೆ.

ಇದೇ ಜಾಗದಲ್ಲಿ STDEVA ಮತ್ತು STDEVPA ಅಂತ ಇನ್ನೆರಡು ಹೆಸರು ಕಾಣುತ್ತವೆ. A ಅಂದರೆ ಆಬ್ಸೆಂಟ್ ಇರಬಹುದು, ಗೈರುಹಾಜರಿಗೆ ಇದೇ ಸರಿ ಅಂತ ಅಂದುಕೊಂಡವರನ್ನು ಕಂಡಿದ್ದೇನೆ. ಅವು ಮಾಡುವುದು ತದ್ವಿರುದ್ಧ. ಅಕ್ಷರ ಇರುವ ಸೆಲ್ಲನ್ನು ಸೊನ್ನೆ ಅಂತ ಎಣಿಸುತ್ತವೆ. AB ಇರುವ ಒಂಬತ್ತು ಮಕ್ಕಳ ಪಟ್ಟಿಗೆ STDEVPA ಹಾಕಿದರೆ ಅದೇ 5.50 ಬರುತ್ತದೆ. ಅಂಕವಹಿಯಲ್ಲಿ ಅವನ್ನು ಮುಟ್ಟಲೇ ಬೇಡಿ.

ಅಕ್ಷರ ಬಿಡುವ ಗುಣದಿಂದಲೇ ಇನ್ನೊಂದು ತೊಂದರೆ ಹುಟ್ಟುತ್ತದೆ. ಫೋನಿನಲ್ಲಿ ಬಂದ ಪಟ್ಟಿಯನ್ನು ಕಾಪಿ ಮಾಡಿ ಹಾಕಿದಾಗ, ಕೆಲವು ಅಂಕಗಳು ಸಂಖ್ಯೆಯಾಗಿ ಬರದೆ ಅಕ್ಷರವಾಗಿ ಕೂತುಬಿಡುತ್ತವೆ. ನೋಡಲು 17 ಅಂತಲೇ ಇರುತ್ತದೆ, ಆದರೆ ಶೀಟು ಅದನ್ನು ಎಣಿಸುವುದಿಲ್ಲ. ದೋಷ ಅಂತ ಯಾವ ಸೂಚನೆಯೂ ಫಲಿತಾಂಶದ ಸೆಲ್ಲಿನಲ್ಲಿ ಬರುವುದಿಲ್ಲ, ಉತ್ತರ ಮಾತ್ರ ಬೇರೆಯಾಗಿರುತ್ತದೆ. ಸಂಖ್ಯೆಗಳು ಸೆಲ್‌ನ ಬಲಕ್ಕೆ ಕೂರುತ್ತವೆ, ಅಕ್ಷರಗಳು ಎಡಕ್ಕೆ. ನೀವು ಅಲೈನ್ಮೆಂಟ್ ಬದಲಾಯಿಸಿರದಿದ್ದರೆ ಕಣ್ಣಿಗೇ ಕಾಣುತ್ತದೆ. ಇನ್ನೂ ನಂಬಿಕೆಯ ದಾರಿ ಅಂದರೆ ಮಾನಕ ವಿಚಲನೆಯ ಪಕ್ಕದಲ್ಲೇ ಎಣಿಕೆಯನ್ನೂ ಬರೆಯುವುದು. ನಿಮ್ಮ 38 ಮಕ್ಕಳು C2 ರಿಂದ C39 ರವರೆಗೆ ಇದ್ದಾರೆ ಅಂತ ಇಟ್ಟುಕೊಂಡರೆ:

```
=COUNT(C2:C39)
=COUNTIF(C2:C39,"AB")
=STDEV.P(C2:C39)
```

ಮೊದಲನೆಯದು 36 ತೋರಿಸಬೇಕು, ಎರಡನೆಯದು 2. ಎರಡೂ ಸೇರಿ 38 ಆಗದಿದ್ದರೆ ಯಾವುದೋ ಅಂಕ ಅಕ್ಷರವಾಗಿ ಕೂತಿದೆ, ಇಲ್ಲವೇ ಒಂದು ಸೆಲ್ ಖಾಲಿ ಉಳಿದಿದೆ. ಅದು ಸಿಗುವವರೆಗೆ ಮೂರನೆಯ ಸಂಖ್ಯೆಯನ್ನು ಯಾರಿಗೂ ಕೊಡಬೇಡಿ. 36ರ ಬದಲು 37 ಬಂದರೆ ಕೆಳಗಿನ ಸರಾಸರಿ ಸಾಲು ರೇಂಜ್‌ನೊಳಗೆ ಸೇರಿರಬಹುದು. ಇದೂ ಬಹಳ ಕಡೆ ಆಗುತ್ತದೆ. ಸರಾಸರಿಯನ್ನೇ ಒಂದು ಅಂಕ ಅಂತ ಸೇರಿಸಿದರೆ ಮಧ್ಯದಲ್ಲಿ ಇಲ್ಲದ ಒಂದು ಮಗು ಬಂದು ಕೂತಂತೆ, ಮಾನಕ ವಿಚಲನೆ ಸ್ವಲ್ಪ ಇಳಿಯುತ್ತದೆ.

ಹುಡುಗಿಯರದ್ದು ಮಾತ್ರ ನೋಡೋಣ ಅಂತ ಫಿಲ್ಟರ್ ಹಾಕಿದರೆ STDEV.P ಬದಲಾಗುವುದಿಲ್ಲ. ಮರೆಯಾದ ಸಾಲುಗಳನ್ನೂ ಅದು ಎಣಿಸುತ್ತಲೇ ಇರುತ್ತದೆ. ಕಾಣುವವರದ್ದು ಮಾತ್ರ ಬೇಕಾದರೆ ಹೀಗೆ ಬರೆಯಿರಿ:

```
=SUBTOTAL(8, C2:C39)
```

ಇಲ್ಲಿ 8 ಅಂದರೆ P ಲೆಕ್ಕ, 7 ಅಂದರೆ S ಲೆಕ್ಕ. ಎಕ್ಸೆಲ್‌ನ ಪಿವಟ್ ಟೇಬಲ್‌ನಲ್ಲಿ StdDevp ಅನ್ನುವುದನ್ನು ಆರಿಸಿ, ಅದರ ಮೇಲಿರುವ StdDev ಬೇಡ.

A ಸೆಕ್ಷನ್, B ಸೆಕ್ಷನ್ ಎರಡನ್ನೂ ಸೇರಿಸಿ ಇಡೀ ಎಂಟನೇ ತರಗತಿಯದ್ದು ಬೇಕು ಅಂತ ಮುಖ್ಯೋಪಾಧ್ಯಾಯರು ಕೇಳಬಹುದು. ಎರಡು ಸೆಕ್ಷನ್‌ಗಳ ಮಾನಕ ವಿಚಲನೆಗಳ ಸರಾಸರಿ ತೆಗೆಯಬೇಡಿ. ಒಂದು ಸೆಕ್ಷನ್‌ನ ಸರಾಸರಿ 18, ಇನ್ನೊಂದರದ್ದು 10, ಎರಡರ ಮಾನಕ ವಿಚಲನೆಯೂ 2, ಮಕ್ಕಳ ಸಂಖ್ಯೆಯೂ ಸಮ ಅಂದುಕೊಳ್ಳಿ. ಸೇರಿಸಿದಾಗ ಒಟ್ಟು ಸರಾಸರಿ 14, ಎರಡೂ ಸೆಕ್ಷನ್ ಅದರಿಂದ 4 ದೂರ. 2ರ ವರ್ಗ 4, 4ರ ವರ್ಗ 16, ಕೂಡಿದರೆ 20, ವರ್ಗಮೂಲ 4.47. ಎರಡರ ಸರಾಸರಿ ತೆಗೆದವರು 2 ಅಂತ ಬರೆದುಬಿಡುತ್ತಾರೆ. P ಉತ್ತರಗಳಾದರೆ ಹೀಗೆ ನೇರವಾಗಿ ಕೂಡಿಸಬಹುದು, S ಉತ್ತರಗಳಲ್ಲಿ ಇದು ಇಷ್ಟು ಸಲೀಸಲ್ಲ. ಆದರೂ ನಾನು ಹೇಳುವುದು, ಎರಡೂ ಸೆಕ್ಷನ್‌ಗಳ ಅಂಕಗಳನ್ನು ಒಂದೇ ಕಾಲಂಗೆ ತಂದು ಒಮ್ಮೆ STDEV.P ಹಾಕುವುದೇ ಮೇಲು.

ಹಿಂದಿನ ವರ್ಷಗಳ ಶೀಟುಗಳಲ್ಲಿ STDEV ಹಾಕಿಬಿಟ್ಟಿದ್ದೀರಾದರೆ, ಈ ವರ್ಷದ ಪಕ್ಕದಲ್ಲಿ ಹಾಗೇ ಇಡಬೇಡಿ. ಅಂಕಗಳು ಇನ್ನೂ ಶೀಟಿನಲ್ಲಿದ್ದರೆ ಫಾರ್ಮುಲಾ ಬದಲಿಸಿ ಸಾಕು. ಅಂಕಗಳು ಹೋಗಿ, ಕಾಗದದ ಮೇಲೆ ಫಲಿತಾಂಶ ಮಾತ್ರ ಉಳಿದಿದ್ದರೆ, ಆ ಸಂಖ್ಯೆಯನ್ನು (n−1)/n ರ ವರ್ಗಮೂಲದಿಂದ ಗುಣಿಸಿ. ಹಳೆಯ ಉತ್ತರ B2 ನಲ್ಲಿ, ಪರೀಕ್ಷೆ ಬರೆದವರ ಸಂಖ್ಯೆ B3 ನಲ್ಲಿ ಇದ್ದರೆ:

```
=B2*SQRT((B3-1)/B3)
```

B3 ನಲ್ಲಿ ಹಾಜರಾತಿ ಪುಸ್ತಕದ ಸಂಖ್ಯೆ ಹಾಕಬಾರದು, ಆವತ್ತು ಪರೀಕ್ಷೆ ಬರೆದವರ ಸಂಖ್ಯೆಯೇ ಬೇಕು. ನಿಮ್ಮ 4.88 ಮತ್ತು 36 ಹಾಕಿ ನೋಡಿ, 4.81 ಬರುತ್ತದೆ.

ಸಹೋದ್ಯೋಗಿಗೆ ತೋರಿಸಲು ಇನ್ನೊಂದು ಫಾರ್ಮುಲಾ ಕೊಡುತ್ತೇನೆ. DEVSQ ಅನ್ನುವುದು ಸರಾಸರಿಯಿಂದ ಇರುವ ದೂರಗಳ ವರ್ಗಗಳನ್ನು ಕೂಡಿಸಿ ಕೊಡುತ್ತದೆ, ನಮ್ಮ ಪುಟ್ಟ ಪಟ್ಟಿಯಲ್ಲಿ ಬಂದ 72ರ ಹಾಗೆ. ಉಳಿದದ್ದು ಪುಸ್ತಕದ ಸೂತ್ರವೇ:

```
=SQRT(DEVSQ(C2:C39)/COUNT(C2:C39))
```

ಇದು STDEV.P ಯ ಉತ್ತರವನ್ನೇ ಕೊಡುತ್ತದೆ. COUNT(C2:C39) ಇರುವಲ್ಲಿ −1 ಸೇರಿಸಿ, ಬ್ರಾಕೆಟ್ ಸಮೇತ (COUNT(C2:C39)-1) ಅಂತ ಬರೆದರೆ 4.88 ಬರುತ್ತದೆ. ಇಬ್ಬರೂ ಒಟ್ಟಿಗೆ ಕೂತು ಆ −1 ಅನ್ನು ಒಮ್ಮೆ ಹಾಕಿ, ಒಮ್ಮೆ ತೆಗೆದು ನೋಡಿ. ಅವರ ಹತ್ತಿರ ಸೈಂಟಿಫಿಕ್ ಕ್ಯಾಲ್ಕುಲೇಟರ್ ಇದ್ದರೆ ಅದರಲ್ಲೂ ಇವೇ ಎರಡು ಸಿಗುತ್ತವೆ. ಈಗಿನ ಕ್ಯಾಸಿಯೋಗಳಲ್ಲಿ σx ಅಂದರೆ P, sx ಅಂದರೆ S. ಹಳೆಯವುಗಳಲ್ಲಿ σn, σn−1 ಅಂತ ಇರುತ್ತದೆ.